ಅನುವಾದ ನನ್ನದು

(ಅಂಜನಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ. ಬಹಳ ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಗೆ ಗಂಗರ ಮೇಲೆ ಲೇಖನ ಬರೆದಿದ್ದೆ. ಅದರಲ್ಲಿ ಆತಕೂರಿನ ಶಾಸನದ ಪ್ರಸ್ತಾಪ ಬಂತು. ಗಂಗರ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ ಸಂಗತಿ ಅದು. "ಶಾಸನ ಹೀಗೆ ಹೇಳುತ್ತದೆ" ಎಂದು ಬರೆದು, ಉದ್ಧರಣ ಚಿಹ್ನೆ ಹಾಕಿ, ಅಪ್ಪಿಕೊಳ್ಳುವ ನೆಪದಲ್ಲಿ ಕಠಾರಿಯಿಂದ ಇರಿದು ಕೊಂದನು ಎಂಬ ಅರ್ಥದ ಒಂದು ವಾಕ್ಯ ಕೊಟ್ಟೆ. ಸಂಚಿಕೆ ಹೊರಬಂದ ತಿಂಗಳೊಳಗೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಂದ ಅಂಚೆ ಕಾರ್ಡು ಬಂತು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಕಲ್ಲಿನ ಮೇಲೆ "ನೆಪ" ಎಂಬ ಅಕ್ಷರ ಯಾವ ಸಾಲಿನಲ್ಲಿದೆ?

ಯಾವ ಸಾಲಿನಲ್ಲೂ ಇಲ್ಲ. ಆ ವಾಕ್ಯವನ್ನು ನಾನು ಒಂದು ಇಂಗ್ಲಿಷ್ ಚರಿತ್ರೆ ಪುಸ್ತಕದಿಂದ ಎತ್ತಿಕೊಂಡು ಕನ್ನಡ ಮಾಡಿದ್ದೆ. ಕನ್ನಡ ಕಲ್ಲಿನ ಮಾತು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನನ್ನ ಕನ್ನಡಕ್ಕೆ ಬಂದು, ಕಲ್ಲಿನ ಮಾತೇ ಎಂಬಂತೆ ಉದ್ಧರಣ ಚಿಹ್ನೆಯೊಳಗೆ ಕೂತುಬಿಟ್ಟಿತ್ತು. ಅನುವಾದ ನನ್ನದು ಎಂದಾಗಲಿ, ಇಂಗ್ಲಿಷಿನಿಂದ ಎಂದಾಗಲಿ ಒಂದು ಮಾತೂ ನಾನು ಬರೆದಿರಲಿಲ್ಲ. ಇವತ್ತಿನ ಉಪನ್ಯಾಸ ಆ ಕಾರ್ಡಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಕಲ್ಲಿನ ವಿಷಯ ಹೇಳುತ್ತೇನೆ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲು ಈಗ ನಮ್ಮ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಕಾಲ 949–50. ಅದು ನಿಜವಾಗಿ ಒಂದು ನಾಯಿಯ ಕಲ್ಲು. ಕಾಳಿ ಎಂಬ ಬೇಟೆನಾಯಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿಯ ಒಡೆಯ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ. ಆ ಕಲ್ಲಿನ ಮೇಲೇ ತಕ್ಕೋಲದ ಯುದ್ಧದ ಸುದ್ದಿಯೂ ಇದೆ: ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ಹೋದದ್ದು, ಅವನ ಕಡೆಯ ಬೂತುಗ ರಾಜಾದಿತ್ಯನನ್ನು ಕೊಂದದ್ದು.

ಕೊಂದದ್ದು ಹೇಗೆ ಎಂಬಲ್ಲಿ ಬರುವ ಮುಖ್ಯ ಪದ "ಬಿಸುಗೆ". ಅದರ ಬೆನ್ನಿಗೇ "ಕಳ" ಬರುತ್ತದೆ. ಕಳ ಎಂದರೆ ಕಾಳಗದ ಕಳ, ರಣರಂಗ. ಬಿಸುಗೆ ಎಂದರೇನು? ಲೋಹ ಕೂಡಿಸುವ "ಬೆಸುಗೆ" ನಮಗೆಲ್ಲ ಗೊತ್ತು. ಕೂಡುವುದು, ಸೇರುವುದು, ಅಲ್ಲಿಂದ ಅಪ್ಪುಗೆ ಎಂದು ಆ ದಾರಿಯಲ್ಲಿ ಹೋದರೆ, ಬೂತುಗ ಅಪ್ಪಿಕೊಂಡು ಇರಿದ ಎಂಬ ಚಿತ್ರ ಬರುತ್ತದೆ; ಮೋಸದ ಅರ್ಥ ತಾನಾಗಿ ಹಿಂದೆ ಬರುತ್ತದೆ. ಆದರೆ ಹಳಗನ್ನಡದಲ್ಲಿ ಬಿಸುಗೆ ಎಂದರೆ ಆನೆಯ ಬೆನ್ನಿನ ಮೇಲಿನ ಆಸನವೂ ಹೌದು. ಆ ಅರ್ಥ ಹಿಡಿದರೆ ಚಿತ್ರವೇ ಬದಲು: ಆನೆಯ ಮೇಲಿನ ಆಸನವೇ ರಣರಂಗವಾಯಿತು, ಅಲ್ಲೇ ಇಬ್ಬರೂ ಕಾದಿದರು, ಬೂತುಗ ಕೊಂದ. ಚೋಳರದೇ ಲೈಡನ್ ತಾಮ್ರಶಾಸನ ರಾಜಾದಿತ್ಯ ಆನೆಯ ಬೆನ್ನ ಮೇಲಿದ್ದಾಗಲೇ ಬಿದ್ದ ಎಂದು ಅವನನ್ನು ಹೊಗಳುತ್ತದೆ; ಆನೆಯ ಮಟ್ಟಿಗೆ ಎರಡು ಕಡೆಯ ಸಾಕ್ಷ್ಯ ಹೊಂದುತ್ತದೆ. ಅಪ್ಪುಗೆಯ ಓದು ಒಂದು ಕಾಲಕ್ಕೆ ಚಲಾವಣೆಯಲ್ಲಿತ್ತು, ಆನೆಯ ಓದು ಬಂದ ಮೇಲೂ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಇತ್ತು. ನನ್ನ ಲೇಖನಕ್ಕೂ ಹಾಗೆ ದಾಟಿಬಂತು.

ನೋಡಿ, ಒಂದು ಪದದ ಮೇಲೆ ಒಬ್ಬ ಮನುಷ್ಯ ವೀರನೋ ದ್ರೋಹಿಯೋ ಎಂಬುದು ನಿಂತಿದೆ. ನಾನು ಆ ಪದವನ್ನು ನನ್ನ ವಾಕ್ಯದ ಪಕ್ಕದಲ್ಲಿ ಇಟ್ಟಿದ್ದರೆ, ಅಪ್ಪುಗೆ ಎಂದೇ ಅರ್ಥ ಮಾಡಿದ್ದರೂ, ಓದಿದವರು "ಬಿಸುಗೆ ಎಂದರೆ ಅದಲ್ಲವಲ್ಲ" ಎಂದು ಅಲ್ಲೇ ಹಿಡಿಯುತ್ತಿದ್ದರು. ಮೂಲವಿಲ್ಲದ ಅನುವಾದದಲ್ಲಿ ತಪ್ಪು ಹಿಡಿಯುವುದಕ್ಕೆ ಬೇಕಾದ ಸಾಮಗ್ರಿಯೇ ಇರುವುದಿಲ್ಲ. ಮೇಷ್ಟ್ರು ಹಿಡಿದದ್ದು ಅವರಿಗೆ ಕಲ್ಲಿನ ಪಾಠ ಗೊತ್ತಿದ್ದುದರಿಂದ. ಉಳಿದವರಿಗೆ ನಾನು ಆ ಅವಕಾಶ ಕೊಟ್ಟಿರಲಿಲ್ಲ.

ಈ ತಪ್ಪಿಗೆ ಪುಸ್ತಕದ ಕಟ್ಟುವಿಕೆಯೂ ದಾರಿ ಮಾಡಿಕೊಡುತ್ತದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ ತೆರೆದವರಿಗೆ ಗೊತ್ತಿರುತ್ತದೆ. ಶಾಸನಗಳ ಇಂಗ್ಲಿಷ್ ಅನುವಾದವೆಲ್ಲ ಒಂದು ಭಾಗದಲ್ಲಿ, ರೋಮನ್ ಲಿಪಿಯ ಪಾಠ ಇನ್ನೊಂದು ಭಾಗದಲ್ಲಿ, ಕನ್ನಡ ಲಿಪಿಯ ಪಾಠ ಮತ್ತೊಂದು ಭಾಗದಲ್ಲಿ. ರೈಸ್ ಮೂಲವನ್ನೂ ಅನುವಾದವನ್ನೂ ಎರಡನ್ನೂ ಕೊಟ್ಟರು. ಆ ಕಾಲಕ್ಕೆ ಅದು ದೊಡ್ಡ ಪ್ರಾಮಾಣಿಕತೆ. ಆದರೆ ಎರಡರ ನಡುವೆ ನೂರಾರು ಪುಟ. ಅವಸರದಲ್ಲಿರುವವನು ಇಂಗ್ಲಿಷ್ ಪುಟ ತಿರುವಿ, ಅರ್ಥ ಬರೆದುಕೊಂಡು, ಪುಸ್ತಕ ಮುಚ್ಚುತ್ತಾನೆ. ಕನ್ನಡ ಪುಟದವರೆಗೆ ಹೋಗುವುದಿಲ್ಲ. ಆತಕೂರಿನ ಶಾಸನ 1894ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ "ಮಂಡ್ಯ 41". ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ ಬೇರೆ, ಸಂಖ್ಯೆ ಬೇರೆ. ಆದ್ದರಿಂದ ಬರೀ "ಎ.ಕ." ಎಂದು ಬರೆದು ಬಿಟ್ಟರೆ ಓದುವವನು ಯಾವ ಆವೃತ್ತಿಯ ಯಾವ ಪುಟಕ್ಕೆ ಹೋಗಬೇಕು? ಯಾವ ಪಾಠದಿಂದ ನಾನು ಅನುವಾದ ಮಾಡಿದೆನೋ ಆ ಪಾಠದ ಆವೃತ್ತಿ, ಸಂಪುಟ, ಸಂಖ್ಯೆ ಇವನ್ನೇ ಕೊಡಬೇಕು. ಅನುವಾದದ ಪುಟ ಕೊಟ್ಟು ಮೂಲ ನೋಡಿದೆ ಎಂಬಂತೆ ತೋರಿಸುವುದು ಸುಳ್ಳು ವಿಳಾಸ ಕೊಟ್ಟ ಹಾಗೆ.

ಈಗ ಬರೆಯುವ ಕ್ರಮಕ್ಕೆ ಬರುತ್ತೇನೆ. ಅದೇ ವಾಕ್ಯವನ್ನು ನಾನು ಇವತ್ತು ಹೇಗೆ ಬರೆಯುತ್ತೇನೆ?

ರಾಜಾದಿತ್ಯನನ್ನು ಕೊಂದ ಜಾಗವನ್ನು ಶಾಸನ "ಬಿಸುಗೆ" ಎನ್ನುತ್ತದೆ, ಅಂದರೆ [ಆನೆಯ ಮೇಲಿನ] ಆಸನ (ಎಪಿಗ್ರಾಫಿಯಾ ಕರ್ನಾಟಿಕ, ಮೊದಲ ಆವೃತ್ತಿ, ಸಂಪುಟ 3, ಮಂಡ್ಯ 41, ಅನುವಾದ ನನ್ನದು).

ಇಷ್ಟರಲ್ಲಿ ಏನೇನಾಯಿತು ನೋಡಿ. ಉದ್ಧರಣ ಚಿಹ್ನೆ ಇರುವುದು ಕಲ್ಲಿನ ಪದಕ್ಕೆ ಮಾತ್ರ. ನನ್ನ ಅರ್ಥ ಅದರ ಹೊರಗಿದೆ. "ಆನೆಯ ಮೇಲಿನ" ಎಂಬುದು ಅರ್ಥ ಬಿಡಿಸಲು ನಾನು ಸೇರಿಸಿದ್ದು, ಅದಕ್ಕೇ ಚೌಕ ಕಂಸ. ಕೊನೆಗೆ, ಪಾಠ ಎಲ್ಲಿಯದು, ಅನುವಾದ ಯಾರದು ಎರಡೂ ಒಂದೇ ಆವರಣದಲ್ಲಿವೆ. ಅನುವಾದ ನನ್ನದು ಎಂಬ ಎರಡು ಪದ ಓದುಗನಿಗೆ ಒಂದು ಖಚಿತ ಸಂಗತಿ ಹೇಳುತ್ತವೆ: ಇಲ್ಲಿ ತಪ್ಪಿದ್ದರೆ ಕಲ್ಲನ್ನು ಬೈಯಬೇಡಿ, ರೈಸ್ ಅವರನ್ನು ಬೈಯಬೇಡಿ, ನನ್ನನ್ನು ಕೇಳಿ.

ಬಿಸುಗೆಗೆ "ಅಂಬಾರಿ" ಎಂದು ಬರೆಯಲು ನನ್ನ ಕೈ ಮುಂದಾಗಿತ್ತು. ಕೇಳಲು ಚೆನ್ನ, ಪುಟ್ಟ ಪದ. ಆದರೆ ಅಂಬಾರಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೈಸೂರು ದಸರೆಯ ಚಿನ್ನದ ಅಂಬಾರಿ, ಜಂಬೂಸವಾರಿ. ಹತ್ತನೆಯ ಶತಮಾನದ ಯುದ್ಧದಾನೆಯ ಮೇಲೆ ಅದನ್ನು ಹೊರಿಸಿದ ಹಾಗಾಗುತ್ತದೆ. ಇಂಥ ಆಯ್ಕೆ ಅನುವಾದದ ಪ್ರತಿ ಹೆಜ್ಜೆಗೂ ಇರುತ್ತದೆ. ಮೂಲ ಪದ ಪಕ್ಕದಲ್ಲಿದ್ದರೆ ಮಾತ್ರ ಆ ಆಯ್ಕೆ ಓದುಗನ ಕಣ್ಣಿಗೆ ಬೀಳುತ್ತದೆ. ಅದೇ ಶಾಸನದಲ್ಲಿ "ಬಾಳ್ಗಚ್ಚು" ಎಂಬ ಇನ್ನೊಂದು ಮಾತಿದೆ. ಕತ್ತಿ ತೊಳೆದು ಕೊಡುವ ಕೊಡುಗೆ, ವೀರನಿಗೆ ಒಡೆಯ ಕೊಡುವ ಭೂಮಿ. ಇದನ್ನು "ಬಹುಮಾನ" ಎಂದು ಅನುವಾದಿಸಿ ಮುಂದೆ ಹೋದರೆ ಆ ಕಾಲದ ಒಂದು ಪದ್ಧತಿಯೇ ವಾಕ್ಯದಿಂದ ಮಾಯವಾಗುತ್ತದೆ. ಇಂಥ ಕಡೆ ಮೂಲ ಪದವನ್ನೇ ವಾಕ್ಯದ ಮೈಯಲ್ಲಿ ಉಳಿಸಿಕೊಂಡು ಅರ್ಥವನ್ನು ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು.

ಉದ್ದದ ಭಾಗವಾದರೆ? ಹತ್ತು ಸಾಲಿನ ಶಾಸನ ಪಾಠವನ್ನು ಸ್ಮರಣ ಸಂಚಿಕೆಯ ಓದುಗನ ಮುಂದೆ ಇಟ್ಟರೆ ಅವನು ಪುಟ ಮಗುಚುತ್ತಾನೆ ಎಂಬ ಸಂಪಾದಕರ ಮಾತು ನ್ಯಾಯವೇ. ಹಾಗಿದ್ದಾಗ ಅನುವಾದ ಮೇಲೆ, ಮೂಲ ಅಡಿಟಿಪ್ಪಣಿಯಲ್ಲಿ. ಆದರೆ ನಿಮ್ಮ ವಾದ ಯಾವ ಪದದ ಮೇಲೆ ನಿಂತಿದೆಯೋ ಆ ಪದ ಮಾತ್ರ ಅಡಿಗೆ ಹೋಗಬಾರದು, ಅದು ಮೇಲೇ ಇರಬೇಕು. ಪುಸ್ತಕದ ತುಂಬ ಅನುವಾದಗಳು ನಿಮ್ಮವೇ ಆದರೆ ಪ್ರತಿ ಸಲ ಬರೆಯುವ ಅಗತ್ಯವಿಲ್ಲ. ಬೇರೆ ಹೆಸರು ಹೇಳದ ಕಡೆಯೆಲ್ಲ ಅನುವಾದ ನನ್ನದು ಎಂದು ಮುನ್ನುಡಿಯಲ್ಲಿ ಒಮ್ಮೆ ಹೇಳಿದರೆ ಸಾಕು. ಇನ್ನೊಬ್ಬರ ಅನುವಾದವಾದರೆ ಅವರ ಹೆಸರು. ಅವರ ಅನುವಾದದಲ್ಲಿ ಒಂದು ಪದ ತಿದ್ದಿದ್ದರೂ "ತಿದ್ದುಪಡಿ ನನ್ನದು" ಎನ್ನಬೇಕು, ಇಲ್ಲದಿದ್ದರೆ ಅವರು ಹೇಳದ ಮಾತನ್ನು ಅವರ ತಲೆಗೆ ಕಟ್ಟಿದ ಹಾಗಾಗುತ್ತದೆ.

ಇಂಗ್ಲಿಷಿನಲ್ಲಿ ಬರೆಯುವ ಸಂಶೋಧಕರಿಗೆ ಇದಕ್ಕೆ ಅಚ್ಚಾದ ನಿಯಮಗಳಿವೆ, ಅವುಗಳಲ್ಲೂ ಒಮ್ಮತವಿಲ್ಲ. ಸಾಹಿತ್ಯದವರು ಬಳಸುವ ಎಂ.ಎಲ್.ಎ. ಪದ್ಧತಿ ಮೂಲ ಮತ್ತು ಅನುವಾದ ಎರಡನ್ನೂ ಕೊಟ್ಟು, ಅನುವಾದ ನಿಮ್ಮದಾದರೆ ಆವರಣದಲ್ಲಿ ಹಾಗೆಂದು ಹೇಳಿ ಎನ್ನುತ್ತದೆ. ಮನಶ್ಶಾಸ್ತ್ರದವರಿಂದ ಬಂದ ಎ.ಪಿ.ಎ. ಪದ್ಧತಿ ಇನ್ನೂ ಬಿಗಿ: ನೀವೇ ಅನುವಾದಿಸಿದ್ದು ಉದ್ಧರಣೆಯೇ ಅಲ್ಲ, ಅದು ಅವರ ಮಾತನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿದ್ದು, ಆದ್ದರಿಂದ ಅದಕ್ಕೆ ಉದ್ಧರಣ ಚಿಹ್ನೆ ಹಾಕಬೇಡಿ ಎನ್ನುತ್ತದೆ. ನನಗೆ ಈ ಎರಡನೆಯದರ ತರ್ಕ ಬಹಳ ಇಷ್ಟ. ಉದ್ಧರಣ ಚಿಹ್ನೆ ಒಂದು ಪ್ರಮಾಣ: ಒಳಗಿರುವುದು ಅಕ್ಷರ ಅಕ್ಷರ ಅವರದೇ ಎಂಬ ಪ್ರಮಾಣ. ಆದರೆ ಕನ್ನಡದ ಓದುಗನಿಗೆ ಮೂಲದ ಪದ ಸಿಗುವುದೂ ಮುಖ್ಯ. ಆ ದೃಷ್ಟಿಯಿಂದ ಎರಡನ್ನೂ ಕೊಡುವ ಮೊದಲನೆಯ ದಾರಿ ನಮಗೆ ಹೆಚ್ಚು ಒಗ್ಗುತ್ತದೆ.

ಕಲ್ಲಿನ ಮಾತಾಯಿತು. ಬಾಯಿಮಾತಿನಲ್ಲಿ ಇದು ಇನ್ನೂ ಸುಲಭವಾಗಿ ತಪ್ಪುತ್ತದೆ. ನಮ್ಮ ಈ ದಕ್ಷಿಣ ಬೆಂಗಳೂರಿನಲ್ಲಿ ಒಂದು ಬೀದಿಯಲ್ಲಿ ನಡೆದರೆ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಬಡಾವಣೆಗಳು ಬರುವ ಮುಂಚಿನ ಹಳ್ಳಿ, ಕೆರೆ, ತೋಟಗಳ ನೆನಪನ್ನು ಹಿರಿಯರಿಂದ ಬರೆದುಕೊಳ್ಳುವ ಕೆಲಸ ಈಗ ಅಲ್ಲಲ್ಲಿ ನಡೆಯುತ್ತಿದೆ, ನಡೆಯಲೇಬೇಕು. ನನ್ನ ಬಳಿ ಓದುತ್ತಿದ್ದ ಒಬ್ಬ ಹುಡುಗ ಹೀಗೆ ಒಬ್ಬ ಅಜ್ಜನನ್ನು ಮಾತಾಡಿಸಿ ಬರೆದುಕೊಂಡು ಬಂದ. ಅಜ್ಜನ ಮನೆಮಾತು ತಮಿಳು. ಹುಡುಗನ ಬರಹದಲ್ಲಿ ಅಜ್ಜನ ಮಾತು ಉದ್ಧರಣ ಚಿಹ್ನೆಯೊಳಗೆ ಹೀಗಿತ್ತು: "ಏರಿಯ ಮೇಲೆ ಮನೆ ಕಟ್ಟಿದರು."

ಅಜ್ಜ ಏನೆಂದರು, ಅವರದೇ ಮಾತಿನಲ್ಲಿ ಹೇಳು ಎಂದೆ. ಧ್ವನಿಮುದ್ರಣ ಇತ್ತು, ಕೇಳಿಸಿದ. ಅಜ್ಜ ಅಂದದ್ದು "ಏರಿಯಿಲ ವೀಡು ಕಟ್ಟಿನಾಂಗ". ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಅಜ್ಜ ಹೇಳಿದ್ದು ಕೆರೆಯೊಳಗೆ ಮನೆ ಕಟ್ಟಿದರು ಎಂದು. ಹುಡುಗ ಬರೆದದ್ದು ಕಟ್ಟೆಯ ಮೇಲೆ ಕಟ್ಟಿದರು ಎಂದು. ಒಂದು ಕೆರೆಯ ಅಂಗಳದ ಕಥೆ, ಇನ್ನೊಂದು ಕಟ್ಟೆಯ ಕಥೆ. ಕೆರೆಯ ಎಲ್ಲೆ ಎಲ್ಲಿತ್ತು ಎಂದು ನಾಳೆ ಯಾರಾದರೂ ಈ ಬರಹ ನೋಡಿ ಹುಡುಕಿದರೆ ಎರಡಕ್ಕೂ ಅಜಗಜಾಂತರ. ಹುಡುಗ ಮೋಸ ಮಾಡಿರಲಿಲ್ಲ. ಪದ ಎರಡು ಭಾಷೆಯಲ್ಲೂ ಒಂದೇ ಥರ ಕೇಳಿಸಿದ್ದರಿಂದ ತಾನು ಅನುವಾದ ಮಾಡುತ್ತಿದ್ದೇನೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ.

ತಿದ್ದಿದ ರೂಪ ಹೀಗೆ ಬಂತು: "ಏರಿಯಿಲ ವೀಡು ಕಟ್ಟಿನಾಂಗ" (ಕೆರೆಯೊಳಗೆ ಮನೆ ಕಟ್ಟಿದರು; ತಮಿಳಿನಿಂದ ಅನುವಾದ ನನ್ನದು). ತಮಿಳನ್ನು ಕನ್ನಡ ಲಿಪಿಯಲ್ಲಿ, ಅಜ್ಜ ಆಡಿದ ಹಾಗೆಯೇ ಬರೆದ, ಗ್ರಂಥದ ತಮಿಳಿಗೆ ತಿದ್ದಲಿಲ್ಲ. ಯಾವ ಭಾಷೆಯಿಂದ ಎಂದೂ ಹೇಳಿದ. ಭಾಷೆಯ ಹೆಸರು ಹೇಳದೆ ಬರೀ ಅನುವಾದ ನನ್ನದು ಎಂದರೆ ಇಂಥ ಕಡೆ ಸಾಲುವುದಿಲ್ಲ, ಏಕೆಂದರೆ ಕನ್ನಡ ಓದುಗ "ಏರಿ"ಯನ್ನು ಮತ್ತೆ ಕನ್ನಡವೆಂದೇ ಓದಿಕೊಳ್ಳುತ್ತಾನೆ.

ಇನ್ನೊಂದು ಬಲೆ ಇದೆ, ಇದರಲ್ಲಿ ಒಳ್ಳೊಳ್ಳೆಯವರೂ ಬಿದ್ದಿದ್ದಾರೆ. ಅನುವಾದವನ್ನು ಮತ್ತೆ ಮೂಲದ ಭಾಷೆಗೇ ತಿರುಗಿಸುವುದು. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಜಗತ್ತು ವಚನಗಳನ್ನು ಬಹುಮಟ್ಟಿಗೆ ಆ ಪುಸ್ತಕದಿಂದ ಓದಿತು. ಅವರು ಬಸವಣ್ಣನವರ ಅಂಕಿತವನ್ನು ಹೆಸರಾಗಿ ಬಿಡದೆ ಅದರ ಅರ್ಥವನ್ನೇ ಇಂಗ್ಲಿಷಿಗೆ ತಂದರು. ಈಗ ಆ ಇಂಗ್ಲಿಷ್ ವಚನವನ್ನು ಉದಾಹರಿಸಿದ ಒಂದು ವಿದೇಶಿ ಪುಸ್ತಕವನ್ನು ಯಾರೋ ಕನ್ನಡಕ್ಕೆ ತರುತ್ತಾರೆ ಎಂದುಕೊಳ್ಳಿ. ಅನುವಾದಕರು ಎಚ್ಚರ ತಪ್ಪಿದರೆ ಕೂಡಲಸಂಗಮದೇವ ಕನ್ನಡದಲ್ಲಿ "ಕೂಡುವ ನದಿಗಳ ಒಡೆಯ" ಆಗಿ ಬರುತ್ತಾನೆ. ಬಸವಣ್ಣನವರ ವಚನ ಕನ್ನಡದಲ್ಲೇ ಇದೆ, ಕೈಗೆ ಸಿಗುವ ಸಂಪುಟಗಳಲ್ಲಿ ಅಚ್ಚಾಗಿದೆ. ಅಲ್ಲಿಗೆ ಹೋಗಿ ಮೂಲವನ್ನೇ ತಂದು ಇಡುವುದಲ್ಲದೆ ಬೇರೆ ದಾರಿಯಿಲ್ಲ. ಇಂಗ್ಲಿಷಿನ ಶಿಕಾಗೊ ಕೈಪಿಡಿಯೂ ಇದನ್ನು ಖಡಾಖಂಡಿತ ಬೇಡವೆನ್ನುತ್ತದೆ: ಮೂಲ ನಿಮ್ಮ ಭಾಷೆಯಲ್ಲೇ ಇದ್ದರೆ ಅನುವಾದದಿಂದ ಹಿಂದಿರುಗಿ ಬರಬೇಡಿ, ಮೂಲವನ್ನೇ ಹುಡುಕಿ.

ಪತ್ರಿಕೆ ಓದುವಾಗಲೂ ಇದನ್ನು ಗುರುತಿಸಬಹುದು. ಕನ್ನಡದಲ್ಲೇ ಮಾತಾಡುವ ನಾಯಕರೊಬ್ಬರ ಹೇಳಿಕೆ ಸುದ್ದಿ ಸಂಸ್ಥೆಯ ಇಂಗ್ಲಿಷಿನ ಮೂಲಕ ಕನ್ನಡ ಪುಟಕ್ಕೆ ಬಂದಿದ್ದರೆ, ಉದ್ಧರಣ ಚಿಹ್ನೆಯೊಳಗಿನ ವಾಕ್ಯ ಯಾವ ಕನ್ನಡಿಗನ ಬಾಯಲ್ಲೂ ಬಾರದ ಥರ ಇರುತ್ತದೆ. ವಾಕ್ಯದ ಬೆನ್ನುಮೂಳೆ ಇಂಗ್ಲಿಷಿನದು, ಹೆಸರುಗಳ ಕಾಗುಣಿತ ತಪ್ಪು, ಗಾದೆಯ ಜಾಗದಲ್ಲಿ ಅದರ ವಿವರಣೆ. ಇಂಥದ್ದು ಕಂಡಾಗ ಅದನ್ನು ನಿಮ್ಮ ಬರಹದಲ್ಲಿ ಆ ವ್ಯಕ್ತಿಯ ಮಾತು ಎಂದು ಎತ್ತಿ ಬಳಸಬೇಡಿ. ಮೂಲ ಸಿಗದಿದ್ದರೆ ಚಿಹ್ನೆ ತೆಗೆದು, ಹೀಗೆ ಹೇಳಿದರೆಂದು ವರದಿಯಾಗಿದೆ ಎಂದು ಬರೆಯಿರಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕೆನಿಸಿದ ಸಂಗತಿ. ಹಳಗನ್ನಡದಿಂದ ಹೊಸಗನ್ನಡಕ್ಕೆ ತಂದದ್ದೂ ಅನುವಾದವೇ. ಇದನ್ನು ನಾವು ಒಪ್ಪುವುದಿಲ್ಲ. ಸಂಸ್ಕೃತದಿಂದ ತಂದರೆ ಅನುವಾದ ಎನ್ನುತ್ತೇವೆ. ಹಳಗನ್ನಡವಾದರೆ ನಮ್ಮದೇ ಭಾಷೆ, ಕಾಗುಣಿತ ಸ್ವಲ್ಪ ಸುಲಭ ಮಾಡಿದೆ ಅಷ್ಟೆ ಎಂದುಕೊಳ್ಳುತ್ತೇವೆ. ಆತಕೂರಿನ ಬಿಸುಗೆ ತೋರಿಸಿದ್ದು ಅದು ಅಷ್ಟೆ ಅಲ್ಲ ಎಂದು. ಹಳೆಯ ಪದ ಹೊಸ ಪದವನ್ನು ಹೋಲುತ್ತದೆ, ಆದ್ದರಿಂದಲೇ ಅಪಾಯ ಹೆಚ್ಚು. ತಮಿಳಿನ ಏರಿ ಕನ್ನಡದ ಏರಿಯನ್ನು ಹೋಲುವಂತೆಯೇ. ಶಾಲೆಯ ಗೋಡೆಯ ಮೇಲೆ, ದೇವಸ್ಥಾನದ ಫಲಕದ ಮೇಲೆ, ಊರಿನ ಇತಿಹಾಸದ ಕಿರುಹೊತ್ತಗೆಯಲ್ಲಿ ಶಾಸನದ "ಪಾಠ" ಎಂದು ಕೊಟ್ಟಿರುವ ಎಷ್ಟೋ ವಾಕ್ಯಗಳು ಯಾರೋ ಮಾಡಿದ ಹೊಸಗನ್ನಡ ರೂಪ. ಮಾಡಿದವರ ಹೆಸರಿಲ್ಲ, ಮೂಲದ ಅಕ್ಷರವಿಲ್ಲ. ಇಪ್ಪತ್ತು ವರ್ಷ ಕಳೆದರೆ ಅದೇ ಶಾಸನ ಎಂದಾಗುತ್ತದೆ.

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಒಂಬತ್ತನೆಯ ಶತಮಾನದ ಕೊನೆಯ ಕಲ್ಲಿದೆ. ನಮ್ಮ ನಗರದ ಹೆಸರಿಗೆ ಸಿಗುವ ಹಳೆಯ ದಾಖಲೆ ಅದು. ಈ ಸಭೆಯಲ್ಲಿರುವ ಶಿಕ್ಷಕರಲ್ಲಿ, ಬಡಾವಣೆಯ ಸಂಘಗಳ ಪುಸ್ತಿಕೆ ತರುವವರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ಆ ಕಲ್ಲಿನ ಬಗ್ಗೆ ಬರೆಯುವಾಗ ಕಲ್ಲಿನ ಪಾಠವನ್ನು ಒಂದು ಸಾಲಿನಲ್ಲಿ, ನಿಮ್ಮ ಹೊಸಗನ್ನಡವನ್ನು ಮುಂದಿನ ಸಾಲಿನಲ್ಲಿ ಅಚ್ಚು ಮಾಡಿಸಿ. ಯಾವ ಸಂಪುಟದ ಪಾಠ ಎಂದು ಬರೆಯಿರಿ. ಅನುವಾದದ ಕೆಳಗೆ ನಿಮ್ಮ ಹೆಸರು ಹಾಕಿ.

ಕಾರ್ಡು ಬರೆದ ಮೇಷ್ಟ್ರು ಈಗ ಇಲ್ಲ. ಆ ಹಳೆಯ ಲೇಖನವನ್ನು ನಾನು ಮತ್ತೆ ಬರೆದಿದ್ದೇನೆ, ಬಿಸುಗೆ ಎಂಬ ಪದ ಅದರಲ್ಲಿ ಈಗ ಮೂಲದ ಹಾಗೆಯೇ ಇದೆ, ಅದರ ಪಕ್ಕದಲ್ಲಿರುವ ಅರ್ಥ ನನ್ನದು. ಅದರಲ್ಲಿ ತಪ್ಪು ಕಂಡವರು ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ.